ಬಂದ ದಿನದ ದರವೋ, ಮಾರ್ಚ್ 31ರ ದರವೋ: ಡಾಲರ್ ಆದಾಯದ ಒಂದು ಪ್ರಕರಣ

2022ರ ಏಪ್ರಿಲ್‌ನಲ್ಲಿ ಒಂದು ಡಾಲರಿಗೆ 76 ರೂಪಾಯಿಯ ಆಸುಪಾಸು ಇತ್ತು. 2023ರ ಮಾರ್ಚ್ ಮುಗಿಯುವಾಗ ಅದು 82ರ ಮೇಲಿತ್ತು. ಒಂದೇ ಆರ್ಥಿಕ ವರ್ಷದಲ್ಲಿ ಇಷ್ಟು ಅಂತರ ಬಿದ್ದಾಗ, ವಿದೇಶದಿಂದ ಸಂಪಾದಿಸುವವರ ರಿಟರ್ನ್‌ನಲ್ಲಿ ಯಾವ ದಿನದ ದರ ಹಾಕಬೇಕು ಎಂಬುದು ನೇರವಾಗಿ ತೆರಿಗೆಯ ಮೊತ್ತವನ್ನೇ ಅಲುಗಾಡಿಸುತ್ತದೆ. ಇಲ್ಲಿರುವುದು ಆ 2022-23ನೇ ಆರ್ಥಿಕ ವರ್ಷದ, ಅಂದರೆ ಅದರ ಆದಾಯಕ್ಕೆ ತೆರಿಗೆ ನಿರ್ಧರಿಸುವ 2023-24ನೇ ಕರ ನಿರ್ಧಾರಣಾ ವರ್ಷದ ಒಂದು ಕಡತ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ದರಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಾಗಿಸಿದ್ದೇನೆ. ಇವನ್ನು ಯಾರೂ ತಮ್ಮ ರಿಟರ್ನ್‌ಗೆ ಎತ್ತಿಕೊಳ್ಳಬಾರದು.

ಕಕ್ಷಿದಾರರು ಬೆಂಗಳೂರಿನಲ್ಲಿ ನೆಲೆಸಿರುವ ತಾಂತ್ರಿಕ ಸಲಹೆಗಾರ್ತಿ. ಕೆಲವು ವರ್ಷ ಅಮೆರಿಕದಲ್ಲಿ ಕೆಲಸ ಮಾಡಿ ಹಿಂದಿರುಗಿದವರು. ತೆರಿಗೆಯ ದೃಷ್ಟಿಯಲ್ಲಿ ಈಗ ಪೂರ್ಣ ನಿವಾಸಿ, ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ತೆರಿಗೆ. ಅಮೆರಿಕದ ಒಂದೇ ಕಂಪನಿಗೆ ತಿಂಗಳ ಕೊನೆಯ ದಿನ 3,000 ಡಾಲರಿನ ಬಿಲ್ಲು ಕಳಿಸುತ್ತಾರೆ, ಮುಂದಿನ ತಿಂಗಳ ಮಧ್ಯದಲ್ಲಿ ಹಣ ಬರುತ್ತದೆ. ವರ್ಷಕ್ಕೆ 36,000 ಡಾಲರ್. ಬಿಲ್ಲಿನ ಆಧಾರದ ಮೇಲೆ, ಅಂದರೆ ಹಣ ಬಂದಾಗಲ್ಲ, ಹಕ್ಕು ಹುಟ್ಟಿದಾಗ ಆದಾಯವೆಂದು ಬರೆಯುವ ಪದ್ಧತಿಯನ್ನು ಮೊದಲಿನಿಂದಲೂ ಅನುಸರಿಸುತ್ತಿದ್ದರು. ಆದಾಯ ತೆರಿಗೆ ಕಾಯ್ದೆ 1961ರ 44ಎಡಿಎ ಕಲಮಿನಡಿ ಒಟ್ಟು ಸ್ವೀಕೃತಿಯ ಅರ್ಧವನ್ನು ಲಾಭವೆಂದು ಘೋಷಿಸುತ್ತಿದ್ದರು. ಆ ವರ್ಷ ಈ ಸೌಲಭ್ಯದ ಮಿತಿ 50 ಲಕ್ಷ ರೂಪಾಯಿ ಇತ್ತು. ಅವರು ಅದರೊಳಗೇ ಇದ್ದರು.

ಅವರು ತಂದಿದ್ದ ಹಾಳೆಯಲ್ಲಿ ಎರಡು ಮೊತ್ತಗಳಿದ್ದವು, ಎರಡರ ಪಕ್ಕದಲ್ಲೂ ಪ್ರಶ್ನಾರ್ಥಕ ಚಿಹ್ನೆ. ಒಂದು 29,34,000 ರೂಪಾಯಿ. ಇದು 36,000 ಡಾಲರನ್ನು ಮಾರ್ಚ್ 31ರ ದರವಾದ 81.50ರಿಂದ ಗುಣಿಸಿದ್ದು. ಇನ್ನೊಂದು 23,74,500. ಇದು ಆ ವರ್ಷ ಇಲ್ಲಿನ ಬ್ಯಾಂಕ್ ಖಾತೆಗೆ ವಿದೇಶದಿಂದ ಬಂದ ಹಣದ ಮೊತ್ತ. ಐದೂವರೆ ಲಕ್ಷಕ್ಕೂ ಹೆಚ್ಚಿನ ಅಂತರ. ಯಾವುದು ಸರಿ ಎಂದು ಕೇಳಿದರು. ಎರಡೂ ಅಲ್ಲ.

ನಿಯಮ ಹೇಳುವುದೇನು

ವಿದೇಶಿ ಕರೆನ್ಸಿಯ ಆದಾಯವನ್ನು ರೂಪಾಯಿಗೆ ಪರಿವರ್ತಿಸುವ ವಿಧಾನ ಆದಾಯ ತೆರಿಗೆ ನಿಯಮಗಳು 1962ರ 115ನೇ ನಿಯಮದಲ್ಲಿದೆ. ದರ ಯಾರದು ಎಂಬುದನ್ನು ಅದು ಮೊದಲೇ ಕಟ್ಟಿಹಾಕುತ್ತದೆ: ಭಾರತೀಯ ಸ್ಟೇಟ್ ಬ್ಯಾಂಕ್‌ನ ಟಿಟಿ ಖರೀದಿ ದರ, ಅಂದರೆ ತಂತಿ ವರ್ಗಾವಣೆಯ ಮೂಲಕ ಬಂದ ಡಾಲರನ್ನು ಆ ಬ್ಯಾಂಕ್ ಕೊಳ್ಳುವ ದರ. ರಿಸರ್ವ್ ಬ್ಯಾಂಕಿನ ಉಲ್ಲೇಖ ದರವಲ್ಲ, ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣುವ ದರವೂ ಅಲ್ಲ. ಖರೀದಿ ದರ ಮಾರುಕಟ್ಟೆಯ ದರಕ್ಕಿಂತ ತುಸು ಕೆಳಗಿರುವುದರಿಂದ, ಬೇರೆ ದರ ಹಾಕಿದವರು ಸಾಮಾನ್ಯವಾಗಿ ತಮಗೆ ತಾವೇ ಸ್ವಲ್ಪ ಹೆಚ್ಚು ತೆರಿಗೆ ಹಾಕಿಕೊಂಡಿರುತ್ತಾರೆ.

ಯಾವ ದಿನದ ದರ ಎಂಬುದಕ್ಕೆ ಮಾತ್ರ ನಿಯಮದಲ್ಲಿ ಒಂದೇ ಉತ್ತರವಿಲ್ಲ. ಆದಾಯದ ಬಗೆಗೆ ತಕ್ಕಂತೆ ದಿನ ಬೇರೆ. ಸಂಬಳವಾದರೆ ಅದು ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ. ಡಿವಿಡೆಂಡ್ ಮತ್ತು ಬಂಡವಾಳ ಲಾಭಕ್ಕೂ ಹೀಗೆಯೇ ಹಿಂದಿನ ತಿಂಗಳ ಕೊನೆಯ ದಿನ. ವ್ಯಾಪಾರ, ವೃತ್ತಿ, ಮನೆ ಬಾಡಿಗೆ ಮತ್ತು ಇತರ ಮೂಲಗಳ ಆದಾಯಕ್ಕೆ ಆರ್ಥಿಕ ವರ್ಷದ ಕೊನೆಯ ದಿನ, ಅಂದರೆ ಮಾರ್ಚ್ 31. ಕಕ್ಷಿದಾರರು ಇಲ್ಲಿಯವರೆಗೆ ಓದಿದ್ದರು. ಅವರದು ವೃತ್ತಿಯ ಆದಾಯ, ಆದ್ದರಿಂದ ಎಲ್ಲವನ್ನೂ 81.50ರಿಂದ ಗುಣಿಸಿದ್ದರು.

ಅವರ ಕಣ್ಣು ತಪ್ಪಿಸಿದ್ದು ಅದೇ ನಿಯಮದ ಎರಡನೇ ಉಪನಿಯಮ. ವೃತ್ತಿ, ಬಾಡಿಗೆ, ಇತರ ಮೂಲಗಳ ಗುಂಪಿಗೆ ಸೇರಿದ ಆದಾಯವನ್ನು ವಿದೇಶಿ ವಿನಿಮಯ ಕಾನೂನಿಗೆ ಅನುಗುಣವಾಗಿ, ಆ ನಿಗದಿತ ದಿನಕ್ಕಿಂತ ಮುಂಚೆಯೇ ಭಾರತದಲ್ಲಿ ಪಡೆದಿದ್ದರೆ ಅಥವಾ ಭಾರತಕ್ಕೆ ತಂದಿದ್ದರೆ, ಮೊದಲನೇ ಉಪನಿಯಮ ಅದಕ್ಕೆ ಅನ್ವಯಿಸುವುದೇ ಇಲ್ಲ. ಇದು ಸಹಜವೂ ಹೌದು. ಮೇ ತಿಂಗಳಲ್ಲಿ ಬಂದ ಡಾಲರನ್ನು ಬ್ಯಾಂಕ್ ಅಂದೇ ರೂಪಾಯಿ ಮಾಡಿ ಕೈಗಿತ್ತಿದೆ. ಮುಂದಿನ ಮಾರ್ಚ್‌ನಲ್ಲಿ ಪರಿವರ್ತಿಸಲು ಅಲ್ಲಿ ಡಾಲರೇ ಉಳಿದಿಲ್ಲ. ರೂಪಾಯಿಯಲ್ಲಿ ಬಂದದ್ದು ಎಷ್ಟೋ ಅಷ್ಟೇ ಆದಾಯ.

ಇಲ್ಲಿ ಆಯ್ಕೆಯ ಪ್ರಶ್ನೆ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. 2022-23ರಲ್ಲಿ ರೂಪಾಯಿ ಇಳಿಯುತ್ತಾ ಹೋದದ್ದರಿಂದ ಬಂದ ದಿನದ ದರ ತೆರಿಗೆದಾರರಿಗೆ ಅನುಕೂಲವಾಗಿ ಕಂಡಿತು. ರೂಪಾಯಿ ಏರಿದ ವರ್ಷದಲ್ಲಿ ಇದೇ ನಿಯಮ ಅವರಿಗೆ ಹೊರೆಯಾಗಿ ಕಾಣುತ್ತದೆ. ಆಗ ಮಾರ್ಚ್ 31ರ ದರಕ್ಕೆ ಜಾರಿಕೊಳ್ಳಲು ದಾರಿಯಿಲ್ಲ.

ಡಾಲರುಗಳ ದಾರಿ

ಹೀಗಾಗಿ ಮೊದಲು ಮಾಡಬೇಕಾದದ್ದು ಗುಣಾಕಾರವಲ್ಲ. ಒಂದೊಂದು ಬಿಲ್ಲಿನ ಹಣವೂ ಮಾರ್ಚ್ 31ರಂದು ಎಲ್ಲಿತ್ತು ಎಂಬುದನ್ನು ಪತ್ತೆಹಚ್ಚುವುದು. ಬಿಲ್ಲುಗಳನ್ನು ಬ್ಯಾಂಕ್ ಹೇಳಿಕೆಯ ಪಕ್ಕದಲ್ಲಿಟ್ಟು ಹೊಂದಿಸಿದಾಗ ಅವು ನಾಲ್ಕು ಗುಂಪುಗಳಾದವು.

ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ಬಿಲ್ಲುಗಳ 27,000 ಡಾಲರ್ 2022ರ ಮೇ ತಿಂಗಳಿಂದ 2023ರ ಜನವರಿಯೊಳಗೆ ನೇರವಾಗಿ ಇಲ್ಲಿನ ಖಾತೆಗೆ ಬಂದಿತ್ತು. ಮೊದಲ ಮೂರಕ್ಕೆ ಸರಾಸರಿ 77.50, ನಂತರದ ಮೂರಕ್ಕೆ 80, ಕೊನೆಯ ಮೂರಕ್ಕೆ 81 ರೂಪಾಯಿ ಸಿಕ್ಕಿತ್ತು. ಒಟ್ಟು 21,46,500. ಇದಕ್ಕೆ ಎರಡನೇ ಉಪನಿಯಮ, ಹಾಗಾಗಿ ಮಾರ್ಚ್ 31ರ ದರದ ಸೋಂಕೇ ಇಲ್ಲ. ಅದೇ ಹಣವನ್ನು 81.50ರಿಂದ ಗುಣಿಸಿದ್ದರೆ 22,00,500 ಆಗುತ್ತಿತ್ತು. ಅವರ ಕೈಗೆ ಎಂದೂ ಬಾರದ 54,000 ರೂಪಾಯಿ ಸ್ವೀಕೃತಿಯಾಗಿ ಸೇರಿಕೊಳ್ಳುತ್ತಿತ್ತು.

ಈ ಒಂಬತ್ತರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಜುಲೈ ಬಿಲ್ಲಿನ ಹಣ ಆಗಸ್ಟ್ ಮಧ್ಯದಲ್ಲಿ ಬಂದಿತ್ತು. ಬ್ಯಾಂಕ್ ಕೊಟ್ಟ ಎಫ್‌ಐಆರ್‌ಎ, ಅಂದರೆ ವಿದೇಶಿ ಹಣ ಜಮೆಯಾದ ಸೂಚನಾ ಪತ್ರದಲ್ಲಿ 2,985 ಡಾಲರ್, ದರ 79, ಮೊತ್ತ 2,35,815 ರೂಪಾಯಿ ಎಂದಿತ್ತು. ಬಿಲ್ಲು 3,000 ಡಾಲರಿನದು. ಕಾಣೆಯಾದ 15 ಡಾಲರನ್ನು ನಡುವಿನ ಬ್ಯಾಂಕ್ ತನ್ನ ಶುಲ್ಕವೆಂದು ಮುರಿದುಕೊಂಡಿತ್ತು. ಇಲ್ಲಿನ ಖಾತೆಯ ಹೇಳಿಕೆಯಲ್ಲಿ ಅದರ ಸುಳಿವೂ ಇರುವುದಿಲ್ಲ. ಆದರೆ ಕಂಪನಿ ಕೊಟ್ಟದ್ದು 3,000, ಆದಾಯವೂ 3,000. ಶುಲ್ಕ ಎಂಬುದು ವೆಚ್ಚ. ಆದ್ದರಿಂದ ಸ್ವೀಕೃತಿ 2,37,000 ಎಂದು ಬರೆದೆವು. ಸಾಮಾನ್ಯ ಲೆಕ್ಕಪತ್ರ ಇಡುವವರು 1,185 ರೂಪಾಯಿಯನ್ನು ವೆಚ್ಚದ ಕಡೆ ತೋರಿಸಿ ಕಳೆದುಕೊಳ್ಳಬಹುದು. 44ಎಡಿಎ ಅಡಿಯಲ್ಲಿ ಎಲ್ಲ ವೆಚ್ಚವೂ ಆ ಅರ್ಧದೊಳಗೇ ಮುಗಿದಿದೆ ಎಂದು ಲೆಕ್ಕ, ಆದ್ದರಿಂದ ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ವಿನಿಮಯ ಸೇವೆಯ ಮೇಲೆ ಬ್ಯಾಂಕ್ ಹಿಡಿದ ಜಿಎಸ್‌ಟಿಗೂ ಇದೇ ಮಾತು. ಮೇಲಿನ 21,46,500ರಲ್ಲಿ ಈ ಕಡಿತಗಳನ್ನೆಲ್ಲ ಮರಳಿ ಕೂಡಿಸಿದೆ. ಅವರ 23,74,500 ಕೂಡ ಹಾಗೆ ಕೂಡಿಸಿಯೇ ಬಂದ ಅಂಕಿ. ಈ ವಿಷಯದಲ್ಲಿ ಅವರ ಹಾಳೆ ಅಚ್ಚುಕಟ್ಟಾಗಿತ್ತು.

ಎರಡನೇ ಗುಂಪು ನಿಜವಾಗಿ ತೊಡಕಿನದು. ಕಂಪನಿ ಹಣ ಪಾವತಿಸುವ ವ್ಯವಸ್ಥೆಯನ್ನು ಬದಲಿಸಿದಾಗ, ಜನವರಿ ಮತ್ತು ಫೆಬ್ರವರಿ ಬಿಲ್ಲುಗಳ 6,000 ಡಾಲರ್ ಕಕ್ಷಿದಾರರು ಅಮೆರಿಕದಲ್ಲಿದ್ದಾಗ ತೆರೆದಿದ್ದ ಹಳೆಯ ಬ್ಯಾಂಕ್ ಖಾತೆಗೆ ಹೋಗಿತ್ತು. ಅದನ್ನು ಅವರು ಭಾರತಕ್ಕೆ ತಂದದ್ದು 2023ರ ಜೂನ್‌ನಲ್ಲಿ, 81.80ರ ದರದಲ್ಲಿ. ಅವರ ವಾದ ಕೇಳಲು ಚೆನ್ನಾಗಿತ್ತು: ರೂಪಾಯಿಯಾಗಿ ಬಂದದ್ದು ಜೂನ್‌ನಲ್ಲಿ ತಾನೆ, ಹಾಗಿದ್ದರೆ ಅದು ಮುಂದಿನ ವರ್ಷದ ಆದಾಯವಲ್ಲವೆ? ಅಲ್ಲ. ಹಣ ಅವರ ಕೈಸೇರಿದ್ದು ಫೆಬ್ರವರಿ ಮತ್ತು ಮಾರ್ಚ್‌ನಲ್ಲೇ. ಖಾತೆ ಯಾವ ದೇಶದಲ್ಲಿದೆ ಎಂಬುದು ನಿವಾಸಿಯ ಆದಾಯದ ವರ್ಷವನ್ನು ಬದಲಿಸುವುದಿಲ್ಲ. ಅದು ಬದಲಿಸುವುದು ದರವನ್ನು ಮಾತ್ರ. ಮಾರ್ಚ್ 31ಕ್ಕೆ ಮುಂಚೆ ಭಾರತಕ್ಕೆ ಬಂದಿಲ್ಲವಾದ್ದರಿಂದ ಎರಡನೇ ಉಪನಿಯಮದ ನೆರಳು ಇದಕ್ಕೆ ಸಿಗುವುದಿಲ್ಲ, ಮೊದಲನೆಯದು ಅನ್ವಯಿಸುತ್ತದೆ. 6,000ವನ್ನು 81.50ರಿಂದ ಗುಣಿಸಿದರೆ 4,89,000. ಹಣ ಆ ಖಾತೆಗೆ ಬಂದ ದಿನದ ದರವೂ ಇಲ್ಲಿ ಲೆಕ್ಕಕ್ಕಿಲ್ಲ, ಜೂನ್ ದರವೂ ಇಲ್ಲ. ಬ್ಯಾಂಕ್ ಹೇಳಿಕೆಯ ಮೊತ್ತವನ್ನಷ್ಟೇ ನಂಬಿದ್ದರೆ ಸುಮಾರು ಐದು ಲಕ್ಷ ರೂಪಾಯಿ ಪೂರ್ತಿಯಾಗಿ ಮರೆಯಾಗುತ್ತಿತ್ತು. ವಿದೇಶಿ ಖಾತೆಯಲ್ಲಿದ್ದ ಆದಾಯ ಬಿಟ್ಟುಹೋದರೆ ಇಲಾಖೆ ಅದನ್ನು ಮರೆವು ಎಂದು ಸುಲಭವಾಗಿ ಒಪ್ಪುವುದಿಲ್ಲ.

ಮೂರನೆಯದು ಮಾರ್ಚ್ 31ರಂದೇ ಬರೆದ ಬಿಲ್ಲು. ಅಂದು ಹಣ ಎಲ್ಲಿಯೂ ಬಂದಿರಲಿಲ್ಲ, ಬಾಕಿಯಾಗಿ ನಿಂತಿತ್ತು. ಬಿಲ್ಲಿನ ಆಧಾರದ ಪದ್ಧತಿಯಲ್ಲಿ ಅದು ಈ ವರ್ಷದ್ದೇ. ದರ 81.50, ಮೊತ್ತ 2,44,500. ಹಣ ಏಪ್ರಿಲ್‌ನಲ್ಲಿ 81.30ರ ದರದಲ್ಲಿ ಬಂತು, ಅಂದರೆ 2,43,900. ಕಡಿಮೆಯಾದ 600 ರೂಪಾಯಿಗಾಗಿ 2022-23ರ ಲೆಕ್ಕ ತಿದ್ದುವಂತಿಲ್ಲ, ಅದು 2023-24ನೇ ಆರ್ಥಿಕ ವರ್ಷದ ವಿನಿಮಯ ವ್ಯತ್ಯಾಸ. ನಗದು ಪದ್ಧತಿಯವರಾಗಿದ್ದರೆ ಈ ಬಿಲ್ಲು ಪೂರ್ತಿಯಾಗಿ ಮುಂದಿನ ವರ್ಷಕ್ಕೆ ಹೋಗಿ, 2,43,900 ಎಂದೇ ದಾಖಲಾಗುತ್ತಿತ್ತು. ಪದ್ಧತಿ ಯಾವುದಾದರೂ ಸರಿ, ವರ್ಷದಿಂದ ವರ್ಷಕ್ಕೆ ಒಂದೇ ಇರಬೇಕು. ಮಾರ್ಚ್ ಬಿಲ್ಲನ್ನು ಅನುಕೂಲ ನೋಡಿ ಅತ್ತಿತ್ತ ಸರಿಸಿದ್ದು ಎರಡು ವರ್ಷದ ರಿಟರ್ನ್ ಪಕ್ಕಪಕ್ಕ ಇಟ್ಟ ಕೂಡಲೇ ಕಾಣುತ್ತದೆ.

ಅದೇ ತರ್ಕದಲ್ಲಿ ನಾಲ್ಕನೆಯದು ಹಿಂದಿನ ವರ್ಷದಿಂದ ಬಂದ ಬಾಲ. 2022ರ ಮಾರ್ಚ್ ಬಿಲ್ಲು 75ರ ದರದಲ್ಲಿ 2,25,000 ರೂಪಾಯಿಯಾಗಿ 2021-22ರ ಆದಾಯದಲ್ಲಿ ಸೇರಿ ತೆರಿಗೆ ಕಟ್ಟಿಯಾಗಿತ್ತು. ಏಪ್ರಿಲ್‌ನಲ್ಲಿ 76ರ ದರದಲ್ಲಿ 2,28,000 ಬಂತು. ಬ್ಯಾಂಕ್ ಹೇಳಿಕೆಯ ಮೊತ್ತದಲ್ಲಿ ಈ 2,28,000 ಪೂರ್ತಿ ಕುಳಿತಿತ್ತು, ಅಂದರೆ 2,25,000ಕ್ಕೆ ಎರಡನೇ ಬಾರಿ ತೆರಿಗೆ ಬೀಳುವುದರಲ್ಲಿತ್ತು. ಈ ವರ್ಷಕ್ಕೆ ಸೇರುವುದು 3,000 ಮಾತ್ರ. ಅದನ್ನು ಬೇರೆ ಆದಾಯವೆಂದು ತೋರಿಸಬೇಕೋ, ವೃತ್ತಿಯ ಸ್ವೀಕೃತಿಯ ಭಾಗವೋ ಎಂಬ ಚರ್ಚೆ ಇದ್ದೇ ಇದೆ. ಬಿಲ್ಲಿನ ವಸೂಲಿಯಿಂದಲೇ ಹುಟ್ಟಿದ ವ್ಯತ್ಯಾಸ ಆ ಬಿಲ್ಲಿನ ಬೆನ್ನಿಗೇ ಹೋಗಬೇಕು ಎಂಬುದು ನನ್ನ ನಿಲುವು. ಹಾಗಾಗಿ ಸ್ವೀಕೃತಿಗೇ ಸೇರಿಸಿದೆವು.

ನಾಲ್ಕನ್ನೂ ಕೂಡಿದರೆ 28,83,000. ಅರ್ಧ 14,41,500 ವೃತ್ತಿಯ ಲಾಭ. ಅವರ ಮೊದಲ ಅಂಕಿಯಾದ 29,34,000ಕ್ಕೆ ಹೋಲಿಸಿದರೆ ಸ್ವೀಕೃತಿ 51,000, ಲಾಭ 25,500 ಕಡಿಮೆ. ಅವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಮೇಲಿನ ಹಂತಕ್ಕೆ ಸೆಸ್ ಸೇರಿ ಶೇ 31.2 ಬೀಳುವುದರಿಂದ ತೆರಿಗೆಯಲ್ಲಿ 7,956 ರೂಪಾಯಿಯ ವ್ಯತ್ಯಾಸ. ದೊಡ್ಡ ಮೊತ್ತವೇನಲ್ಲ. ಬ್ಯಾಂಕ್ ಮೊತ್ತವನ್ನೇ ಹಿಡಿದಿದ್ದರೆ ಬಿಟ್ಟುಹೋಗುತ್ತಿದ್ದ ಐದು ಲಕ್ಷ ಇದಕ್ಕಿಂತ ಬಹಳ ಅಪಾಯಕಾರಿ.

ಲೆಕ್ಕ ಪರಿಶೋಧನೆ ಬೇಕಾದವರಿಗೆ

ಲೆಕ್ಕ ಪರಿಶೋಧನೆಗೆ ಒಳಪಡುವವರಾಗಿದ್ದರೆ 43ಎಎ ಕಲಮು ಮತ್ತು ತೆರಿಗೆಗಾಗಿ ಆದಾಯ ಲೆಕ್ಕ ಹಾಕುವ ಐಸಿಡಿಎಸ್ ಮಾನದಂಡಗಳಲ್ಲಿ ವಿನಿಮಯ ದರದ ಏರಿಳಿತಕ್ಕೆಂದೇ ಇರುವ ಆರನೆಯದೂ ಬರುತ್ತದೆ. ಪರಿಶೋಧನೆ ಬೇಕಿಲ್ಲದ ವ್ಯಕ್ತಿಗಳಿಗೆ ಆ ಮಾನದಂಡ ಅನ್ವಯಿಸುವುದಿಲ್ಲ. ಆ ಮಾನದಂಡದಡಿ ಬಿಲ್ಲು ಬರೆದ ದಿನದ ದರದಲ್ಲಿ ಆದಾಯ ದಾಖಲಿಸಿ, ಹಣ ಬಂದಾಗ ಅಥವಾ ವರ್ಷದ ಕೊನೆಯಲ್ಲಿ ಉಳಿದ ವ್ಯತ್ಯಾಸವನ್ನು ಲಾಭ ಅಥವಾ ನಷ್ಟವೆಂದು ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತಾರೆ. ಬಿಲ್ಲಿನ ದಿನ 82, ಹಣ ಬಂದ ದಿನ 81 ಇದ್ದರೆ 2,46,000 ಆದಾಯ ಮತ್ತು 3,000 ನಷ್ಟ. ಕೊನೆಗೆ ಉಳಿಯುವುದು ಅದೇ 2,43,000. ವರ್ಷದೊಳಗೇ ವಸೂಲಾದ ಬಿಲ್ಲಿಗೆ ದಾರಿ ಬೇರೆಯಾದರೂ ಫಲ ಒಂದೇ. ಜೊತೆಗೆ ಆ ಮಾನದಂಡವೇ ತಾನು 115ನೇ ನಿಯಮಕ್ಕೆ ಒಳಪಟ್ಟಿದ್ದೇನೆ ಎಂದು ಹೇಳಿಕೊಂಡಿದೆ.

ಚಿಕ್ಕ ಡಿವಿಡೆಂಡ್, ಬೇರೆಯೇ ದಿನ

ಕಕ್ಷಿದಾರರ ಬಳಿ ಹಳೆಯ ಉದ್ಯೋಗದಾತ ಕಂಪನಿಯ ಕೆಲವು ಷೇರುಗಳಿದ್ದವು. 2022ರ ಸೆಪ್ಟೆಂಬರ್‌ನಲ್ಲಿ 100 ಡಾಲರ್ ಡಿವಿಡೆಂಡ್ ಬಂದು, ಅದರಲ್ಲಿ 25 ಡಾಲರ್ ಅಮೆರಿಕದ ತೆರಿಗೆಯಾಗಿ ಕಡಿತವಾಗಿ, 75 ಡಾಲರ್ ಅಲ್ಲಿನ ಬ್ರೋಕರ್ ಖಾತೆಯಲ್ಲಿತ್ತು. ಅವರು 75ನ್ನು 81.50ರಿಂದ ಗುಣಿಸಿ ಬರೆದಿದ್ದರು.

ಇಲ್ಲಿ ಎರಡೂ ಸಂಖ್ಯೆ ಬದಲಾಗಬೇಕು. ಆದಾಯ ಪೂರ್ತಿ 100 ಡಾಲರ್. ದರ ಪಾವತಿಯಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ್ದು, ಅಂದರೆ ಆಗಸ್ಟ್ 31ರದು. ಡಿವಿಡೆಂಡ್‌ಗೆ ಮಾರ್ಚ್ 31ಕ್ಕೆ ಸಂಬಂಧವೇ ಇಲ್ಲ. ಅಷ್ಟೇ ಅಲ್ಲ, ಎರಡನೇ ಉಪನಿಯಮದ ವಿನಾಯಿತಿಯೂ ಡಿವಿಡೆಂಡ್‌ಗೆ ಇಲ್ಲ. ಅದನ್ನು ಮರುದಿನವೇ ಭಾರತಕ್ಕೆ ತಂದಿದ್ದರೂ ಬ್ಯಾಂಕ್ ಕೊಟ್ಟ ದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ವೃತ್ತಿಯ ಹಣಕ್ಕೆ ಸರಿಯಾದದ್ದನ್ನು ಕಲಿತವರು ಅದನ್ನೇ ಡಿವಿಡೆಂಡ್‌ಗೂ ಹಾಕಿ ಎಡವುವುದು ಇಲ್ಲಿಯೇ.

2022ರ ಆಗಸ್ಟ್ 31 ಗಣೇಶ ಚತುರ್ಥಿ, ವಿನಿಮಯ ಮಾರುಕಟ್ಟೆಗೆ ರಜೆ. ಇಂಥ ದಿನಗಳಲ್ಲಿ ಹಿಂದಿನ ಕೆಲಸದ ದಿನದ ದರ ಹಿಡಿಯುವುದು ವಾಡಿಕೆ. ನಾವೂ ಆಗಸ್ಟ್ 30ರ ದರವನ್ನು ಹಿಡಿದು ಕಡತದಲ್ಲಿ ಕಾರಣ ಬರೆದಿಟ್ಟೆವು. 79ರಂತೆ ಆದಾಯ 7,900 ರೂಪಾಯಿ. ಅಮೆರಿಕದಲ್ಲಿ ಕಟ್ಟಿದ ತೆರಿಗೆಯ ಜಮೆಗೆ 128ನೇ ನಿಯಮ. ಅಲ್ಲಿಯೂ ತೆರಿಗೆ ಕಡಿತವಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ, ಹಾಗಾಗಿ 25 ಡಾಲರಿಗೆ 1,975 ರೂಪಾಯಿ. ಈ ಆದಾಯದ ಮೇಲೆ ಇಲ್ಲಿ ಬೀಳುವ ತೆರಿಗೆ ಇದಕ್ಕಿಂತ ಹೆಚ್ಚಿದ್ದರಿಂದ ಪೂರ್ತಿ ಜಮೆ ಸಿಕ್ಕಿತು. ಅದಕ್ಕಾಗಿ ನಮೂನೆ 67ನ್ನು ರಿಟರ್ನ್ ಜೊತೆಗೇ ಸಲ್ಲಿಸಿದೆವು.

ವಿದೇಶಿ ಆಸ್ತಿಯ ಪಟ್ಟಿ

ಅವರು ಹಿಂದಿನಂತೆ ಐಟಿಆರ್-4 ತುಂಬುವ ಯೋಚನೆಯಲ್ಲಿದ್ದರು. ವಿದೇಶಿ ಖಾತೆ, ವಿದೇಶಿ ಷೇರು ಇರುವ ನಿವಾಸಿಗೆ ಆ ನಮೂನೆ ಇಲ್ಲ. 44ಎಡಿಎ ಬಳಸಿದರೂ ಐಟಿಆರ್-3 ತುಂಬಿ, ಅದರ ಎಫ್‌ಎ ಅನುಸೂಚಿಯಲ್ಲಿ ವಿದೇಶಿ ಆಸ್ತಿಗಳನ್ನು ತೋರಿಸಬೇಕು. ಹಿಂದಿನ ವರ್ಷಗಳ ರಿಟರ್ನ್‌ಗಳಲ್ಲಿ ಇದು ಬಿಟ್ಟುಹೋಗಿದ್ದನ್ನು ಹೇಗೆ ಸರಿಪಡಿಸುವುದು ಎಂಬುದು ಬೇರೆಯೇ ಕಡತವಾಯಿತು.

ಆ ಅನುಸೂಚಿಯ ಕಾಲಗಣನೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದಲ್ಲ, ಕ್ಯಾಲೆಂಡರ್ ವರ್ಷದ್ದು. ಈ ರಿಟರ್ನ್‌ಗೆ 2022ರ ಡಿಸೆಂಬರ್ 31ಕ್ಕೆ ಕೊನೆಯಾಗುವ ವರ್ಷ. ಅಂದಿನ ಶಿಲ್ಕು ಅಂದಿನ ಟಿಟಿ ಖರೀದಿ ದರದಲ್ಲಿ, ವರ್ಷದ ಗರಿಷ್ಠ ಶಿಲ್ಕು ಆ ಗರಿಷ್ಠ ಮೊತ್ತ ಇದ್ದ ದಿನದ ದರದಲ್ಲಿ. ಇದರಿಂದ ವಿಚಿತ್ರವೊಂದು ಹುಟ್ಟಿತು. 6,000 ಡಾಲರ್ ಬಂದದ್ದು 2023ರ ಫೆಬ್ರವರಿ-ಮಾರ್ಚ್‌ನಲ್ಲಿ. ಹಾಗಾಗಿ ಅದರ ಆದಾಯ ಈ ರಿಟರ್ನ್‌ನಲ್ಲಿದೆ, ಆದರೆ ಅದೇ ಹಣ ಈ ರಿಟರ್ನ್‌ನ ಆಸ್ತಿ ಪಟ್ಟಿಯಲ್ಲಿ ಇಲ್ಲ. ಹಳೆಯ ಚಿಲ್ಲರೆ ಶಿಲ್ಕಿನೊಂದಿಗೆ ಖಾತೆ ಮಾತ್ರ ಕಾಣುತ್ತದೆ, 6,000 ಕಾಣುವುದು ಮುಂದಿನ ರಿಟರ್ನ್‌ನಲ್ಲಿ. ಎರಡು ಅನುಸೂಚಿಗಳು ತಾಳೆಯಾಗುತ್ತಿಲ್ಲವಲ್ಲ ಎಂದು ಕಕ್ಷಿದಾರರು ಗಾಬರಿಯಾದರು. ತಾಳೆಯಾಗಬೇಕಾಗಿಯೂ ಇಲ್ಲ.

ಕಡತ ಮುಚ್ಚುವ ಮೊದಲು ಮುಂದಿನ ವರ್ಷಕ್ಕೆಂದು ಒಂದು ಟಿಪ್ಪಣಿ ಸೇರಿಸಿದೆವು: ಮಾರ್ಚ್ 31ರಂದು 81.50ರ ದರದಲ್ಲಿ ಆದಾಯವಾಗಿ ಸೇರಿಸಿದ 9,000 ಡಾಲರಿನಲ್ಲಿ 3,000 ಬಂದದ್ದು 81.30ಕ್ಕೆ, 6,000 ಬಂದದ್ದು 81.80ಕ್ಕೆ, 600 ಕಡಿಮೆ, 1,800 ಹೆಚ್ಚು, ನಿವ್ವಳ 1,200 ರೂಪಾಯಿ 2023-24ರ ಲೆಕ್ಕಕ್ಕೆ. ಜೊತೆಗೆ ಎಲ್ಲ ಎಫ್‌ಐಆರ್‌ಎ ಪ್ರತಿಗಳು, ಅಮೆರಿಕದ ಖಾತೆಯ ಹೇಳಿಕೆ, ಸ್ಟೇಟ್ ಬ್ಯಾಂಕಿನ ಆಯಾ ದಿನದ ದರಪಟ್ಟಿಯ ಮುದ್ರಿತ ಪ್ರತಿ. ದರಪಟ್ಟಿಯನ್ನು ಆ ದಿನವೇ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬ್ಯಾಂಕಿನ ತಾಣದಲ್ಲಿ ಹೊಸ ದಿನದ ಪಟ್ಟಿ ಹಳೆಯದರ ಜಾಗವನ್ನು ಆಕ್ರಮಿಸಿಬಿಡುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಆದಾಯ ತೆರಿಗೆ ಕಾಯ್ದೆ 2025 ಬಂದಿರುವುದರಿಂದ, ಅಂದಿನಿಂದ ಮುಂದಿನ ಆದಾಯಕ್ಕೆ ಹೊಸ ಕಾಯ್ದೆಯ ಕಲಮು, ನಿಯಮಗಳನ್ನೇ ನೋಡಬೇಕು. ಇಲ್ಲಿ ಹೇಳಿದ 44ಎಡಿಎ, 115, 128 ಎಂಬ ಸಂಖ್ಯೆಗಳು ಹಳೆಯ ಕಾಯ್ದೆಯ ವರ್ಷಗಳಿಗೆ ಸೇರಿದವು.